ಡೀಸೆಲ್ ಗಾಡಿಯ ನೀರಿನ ಲೈಟ್: ‘ನಮ್ಮ ಕಡೆ ಮಳೆನೇ ಇಲ್ಲ, ನೀರೆಲ್ಲಿಂದ ಬಂತು?’

ಪ್ರಶ್ನೆ: ಗಂಗಾವತಿಯಲ್ಲಿ ಪಿಕಪ್ ಓಡಿಸ್ತೀನಿ ಸರ್. ಹನಿಯ ಗುರುತಿನ ಹಳದಿ ಲೈಟ್ ಹತ್ತುತ್ತೆ, ಸ್ವಲ್ಪ ಹೊತ್ತಿಗೆ ಆರುತ್ತೆ. ಈ ಬಿಸಿಲಲ್ಲಿ ಡೀಸೆಲ್‌ಗೆ ನೀರು ಹೇಗೆ ಬರುತ್ತೆ? ಸೆನ್ಸರ್ ಕೆಟ್ಟಿರಬೇಕು. ವೈರ್ ಕಿತ್ತುಬಿಡಲಾ?

ಕೀಳಬೇಡಿ. ಇದೇ ಪ್ರಶ್ನೆಗೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ.

ಮಳೆ ಇಲ್ಲದ ಊರಲ್ಲಿ ಡೀಸೆಲ್‌ಗೆ ನೀರು ಸೇರದು ಎಂಬ ಮಾತು ರಾಯಚೂರಿನಿಂದ ಸಂಡೂರಿನವರೆಗೂ ಕೇಳಿಸುತ್ತದೆ. ಆದರೆ ನೀರಿಗೆ ದಾರಿ ಮಾಡಿಕೊಡುವುದೇ ಬಿಸಿಲು. ಭತ್ತದ ಕಟಾವಿನಲ್ಲಿ ಹೊಲದ ಬದುವಿನ ಮೇಲೆ ನಿಲ್ಲಿಸಿಟ್ಟ 200 ಲೀಟರಿನ ಬ್ಯಾರಲ್ ನೋಡಿ. ಹಗಲು ಕಾದಾಗ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಸಂದಿಯಿಂದ ಹೊರಬೀಳುತ್ತದೆ. ರಾತ್ರಿ ತಣಿದಾಗ ಬ್ಯಾರಲ್ ಉಸಿರು ಎಳೆದುಕೊಳ್ಳುತ್ತದೆ. ಆಗ ಮೇಲಿನ ತಗ್ಗಿನಲ್ಲಿ ಒಂದು ಹದ ಮಳೆಯ ನೀರು ನಿಂತಿದ್ದರೆ ಗಾಳಿಯ ಬದಲು ಅದೇ ಒಳಗಿಳಿಯುತ್ತದೆ. ‘ಬಿರಡೆಯಲ್ಲಿ ಡೀಸೆಲ್ ಸೋರಲ್ಲವಲ್ಲ’ ಎನ್ನಬೇಡಿ, ನೆಟ್ಟಗೆ ನಿಂತ ಬ್ಯಾರಲಿನಲ್ಲಿ ಡೀಸೆಲ್ ಬಿರಡೆಯನ್ನು ಮುಟ್ಟುವುದೇ ಇಲ್ಲ. ಇನ್ನು ಗಾಡಿ ತೊಳೆಯುವಾಗ ಟ್ಯಾಂಕ್ ಮುಚ್ಚಳಕ್ಕೇ ಪ್ರೆಶರ್ ನೀರು ಹೊಡೆಯುವವರೂ ಇದ್ದಾರೆ.

ನೀರು ಡೀಸೆಲ್‌ಗಿಂತ ಭಾರ, ಫಿಲ್ಟರಿನ ತಳಕ್ಕೆ ಇಳಿಯುತ್ತದೆ. ಅಲ್ಲಿ ಸೆನ್ಸರಿನ ಎರಡು ಕಡ್ಡಿಗಳಿವೆ. ಡೀಸೆಲಿನಲ್ಲಿ ಕರೆಂಟ್ ಹರಿಯದು, ನೀರಿನಲ್ಲಿ ಹರಿಯುತ್ತದೆ, ಲೈಟ್ ಹತ್ತುತ್ತದೆ. ಗಾಡಿ ವಾಲಿದಾಗ ನೀರು ಕಡ್ಡಿಯಿಂದ ಸರಿದರೆ ಆರುತ್ತದೆ. ನೀರು ಅಲ್ಲೇ ಇರುತ್ತದೆ.

ಅದು ಮುಂದೆ ಹೋದರೆ ಕಷ್ಟ. ಕಾಮನ್ ರೈಲ್ ಇಂಜೆಕ್ಟರಿನ ಸೂಜಿಗೂ ಅದರ ಗೂಡಿಗೂ ನಡುವೆ ಬರೀ ಕೆಲವು ಮೈಕ್ರಾನ್ ಅಂತರ, ಒತ್ತಡ 1,600 ಬಾರ್ ದಾಟುತ್ತದೆ. ಅಲ್ಲಿ ಬೇರೆ ಆಯಿಲ್ ಇಲ್ಲ, ಜಾರಿಕೆ ಕೊಡುವುದು ಡೀಸೆಲ್ಲೇ. ನೀರು ಬಂದರೆ ಲೋಹಕ್ಕೆ ಲೋಹ ಉಜ್ಜುತ್ತದೆ, ಗಾಡಿ ನಿಂತಾಗ ತುಕ್ಕು ಹಿಡಿಯುತ್ತದೆ, ಕಾದ ನಾಜಲ್ ತುದಿಯಲ್ಲಿ ನೀರು ಥಟ್ಟನೆ ಆವಿಯಾಗಿ ತುದಿಯನ್ನೇ ಸೀಳಬಹುದು. ಐಡ್ಲಿಂಗ್ ಏರುಪೇರು, ಬಿಳಿ ಹೊಗೆ, ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು ಶುರುವಾದರೆ ಏಟು ಬಿದ್ದಿದೆ ಎಂದೇ ತಿಳಿಯಿರಿ.

ನೀರು ತೆಗೆಯಲು ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ತಣಿಯಲು ಬಿಡಿ. ಫಿಲ್ಟರ್ ತಳದ ಡ್ರೇನ್ ಪ್ಲಗ್‌ಗೆ ಪೈಪ್ ಸಿಕ್ಕಿಸಿ ಪಾರದರ್ಶಕ ಬಾಟಲಿಗೆ ಬಿಡಿ. ಪ್ಲಗ್ಗನ್ನು ಪೂರ್ತಿ ಬಿಚ್ಚದೆ ಸಡಿಲಿಸಿದರೆ ಸಾಕು. ಹರಿಯದಿದ್ದರೆ ಕೈಪಂಪು ಒತ್ತಿ. ಬರೀ ಡೀಸೆಲ್ ಬರತೊಡಗಿದಾಗ ಕೈಯಲ್ಲೇ ಬಿಗಿ ಮಾಡಿ, ಇಕ್ಕಳ ಹಾಕಿದರೆ ಪ್ಲಾಸ್ಟಿಕ್ ಥ್ರೆಡ್ ಹೋಗುತ್ತದೆ. ಆಮೇಲೆ ಕೈಪಂಪು ಗಟ್ಟಿಯಾಗುವವರೆಗೆ ಒತ್ತಿ ಏರ್ ತೆಗೆದು ಸ್ಟಾರ್ಟ್ ಮಾಡಿ. ಬಾಟಲಿಯನ್ನು ಹತ್ತು ನಿಮಿಷ ಅಲುಗಿಸದೆ ಇಡಿ, ಕೆಳಗೆ ಗೆರೆ ಎಳೆದಂತೆ ನೀರು ನಿಲ್ಲುತ್ತದೆ. ನೀರೇ ಇಲ್ಲದೆ ಲೈಟ್ ಹತ್ತಿಯೇ ಇದ್ದರೆ ಆಗ ಸೆನ್ಸರನ್ನು ಅನುಮಾನಿಸಿ. ನೀರು ತೆಗೆದ ಐವತ್ತು ಕಿಲೋಮೀಟರಿಗೇ ಮತ್ತೆ ಹತ್ತಿದರೆ ನೀರು ಟ್ಯಾಂಕಿನಲ್ಲೇ ಇದೆ, ಟ್ಯಾಂಕ್ ಇಳಿಸಿ ತೊಳೆಸಬೇಕು.

ಬ್ಯಾರಲ್ ಹೇಗಿಡಬೇಕೆಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ತುಂಬಿದ ಬ್ಯಾರಲನ್ನು ಅಡ್ಡ ಮಲಗಿಸಿ, ಎರಡೂ ಬಿರಡೆಗಳು ಅಕ್ಕಪಕ್ಕ ಒಂದೇ ಮಟ್ಟದಲ್ಲಿರಲಿ. ಡೀಸೆಲ್ ಬಿರಡೆಯನ್ನು ಒಳಗಿನಿಂದ ಮುಚ್ಚಿ ನಿಂತಿರುತ್ತದೆ, ಬ್ಯಾರಲ್ ಹೊರಗಿನ ನೀರನ್ನು ಎಳೆಯದು. ತೆಗೆಯುವ ಮುಂಚೆ ನೆಟ್ಟಗೆ ನಿಲ್ಲಿಸಿ ಒಂದು ದಿನ ಬಿಡಿ. ಪಂಪಿನ ಪೈಪು ತಳ ಮುಟ್ಟದೆ ನಾಲ್ಕು ಬೆರಳು ಮೇಲಿರಲಿ.