ಹಸಿರು ಪರದೆ ಅಳಿಸಿದ ಮೇಲೂ ಕೂದಲಂಚಿನಲ್ಲಿ ಉಳಿಯುವ ಹಸಿರು

ಹಸಿರು ಬಟ್ಟೆಯ ಮುಂದೆ ತೆಗೆದ ಫೋಟೊದಲ್ಲಿ ಹಿನ್ನೆಲೆ ಅಳಿಸುವುದು ಸುಲಭ. ಆಮೇಲೆ ಕೂದಲ ಸುತ್ತ, ಹೆಗಲ ಮೇಲೆ ಹಸಿರು ಗೆರೆ ಉಳಿದುಬಿಡುತ್ತದಲ್ಲ, ನಿಜವಾದ ಕೆಲಸ ಇರುವುದು ಅಲ್ಲಿ. ಅದನ್ನು ಕಳೆಯಲು ಹಲವರು ಮಾಸ್ಕನ್ನೇ ಎರಡು ಮೂರು ಪಿಕ್ಸೆಲ್ ಒಳಕ್ಕೆ ಕುಗ್ಗಿಸುತ್ತಾರೆ. ಹಸಿರಿನ ಜೊತೆಗೆ ಬಿಡಿ ಕೂದಲೂ ಹೋಗಿ, ತಲೆ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

ಒಂದು ಕೂದಲೆಳೆ ಪಿಕ್ಸೆಲ್‌ನ ಅರ್ಧದಷ್ಟು ಜಾಗ ಮಾತ್ರ ತುಂಬಿದೆ ಎಂದುಕೊಳ್ಳಿ. ಕೂದಲಿನ ಕೆಂಪು, ಹಸಿರು, ನೀಲಿ ಬೆಲೆಗಳು 30, 25, 22. ಬಟ್ಟೆಯವು 50, 170, 70. ಎರಡೂ ಬೆರೆತು ಆ ಪಿಕ್ಸೆಲ್ ಹೆಚ್ಚುಕಮ್ಮಿ 40, 98, 46 ಆಗುತ್ತದೆ. ಈಗ ಹಸಿರಿನಿಂದ, ಉಳಿದೆರಡರಲ್ಲಿ ದೊಡ್ಡದನ್ನು ಕಳೆಯಿರಿ. ಬಟ್ಟೆಯಲ್ಲಿ 100 ಬರುತ್ತದೆ, ಈ ಪಿಕ್ಸೆಲ್‌ನಲ್ಲಿ 52. ಅಂದರೆ ಇದರಲ್ಲಿ ನೂರಕ್ಕೆ ಹೆಚ್ಚುಕಮ್ಮಿ 52 ಪಾಲು ಬಟ್ಟೆ, 48 ಪಾಲು ಕೂದಲು. ಪಾರದರ್ಶಕತೆಯನ್ನೂ ಅದೇ ಪ್ರಮಾಣದಲ್ಲಿ ಇಡಬೇಕು. ಮಾಸ್ಕ್ ಸರಿಯಾಯಿತು. ಆದರೆ ಪಿಕ್ಸೆಲ್‌ನ ಬಣ್ಣ ಇನ್ನೂ 98ರ ಹಸಿರೇ, ಹೊಸ ಹಿನ್ನೆಲೆಯ ಮೇಲೆ ಗೆರೆಯಾಗಿ ಕಾಣುವುದು ಅದೇ.

ಮದ್ದು ಸರಳ: ಹಸಿರು ಉಳಿದೆರಡು ಬಣ್ಣಗಳಲ್ಲಿ ದೊಡ್ಡದನ್ನು ಮೀರದಂತೆ ತಡೆಯುವುದು. ಇಮೇಜ್‌ಮ್ಯಾಜಿಕ್‌ನಲ್ಲಿ ಹೀಗೆ:

```
magick in.png -channel G -fx "min(g,max(r,b))" +channel out.png
```

ನಮ್ಮ ಪಿಕ್ಸೆಲ್ 40, 46, 46 ಆಗಿ ಬೂದು ಬಣ್ಣಕ್ಕೆ ಇಳಿಯುತ್ತದೆ, ಕಪ್ಪು ಕೂದಲಿಗೆ ಹೊಂದಿಕೊಳ್ಳುತ್ತದೆ. ಮಾಸ್ಕನ್ನು ಮಾತ್ರ ಮೂಲ ಫೋಟೊದಿಂದಲೇ ಮೊದಲು ಮಾಡಿಟ್ಟುಕೊಳ್ಳಿ. ಹಸಿರನ್ನು ಮೊದಲೇ ತಗ್ಗಿಸಿದರೆ ಬಟ್ಟೆಯನ್ನು ಗುರುತಿಸುವ ಆ 100ರ ವ್ಯತ್ಯಾಸವೇ ಸೊನ್ನೆಯಾಗಿ, ಅಳಿಸಲು ಹಿಡಿತವೇ ಸಿಗುವುದಿಲ್ಲ.

ಚರ್ಮದ ಕಥೆ ಬೇರೆ. ಬಟ್ಟೆಯಿಂದ ಚಿಮ್ಮಿದ ಬೆಳಕು ಬಿದ್ದ ಕೆನ್ನೆ 190, 175, 115 ಇರಬಹುದು. ಇಲ್ಲಿ ಕೆಂಪೇ ದೊಡ್ಡದು, ಹಾಗಾಗಿ ಮೇಲಿನ ನಿಯಮ ಏನೂ ಮಾಡುವುದಿಲ್ಲ. ಕೆಂಪು ಮತ್ತು ನೀಲಿಯ ಸರಾಸರಿಯನ್ನು ಮಿತಿಯಾಗಿಟ್ಟರೆ ಹಸಿರು 152ಕ್ಕೆ ಇಳಿದು, ಕೆನ್ನೆಯ ಕಳೆ ಮರಳುತ್ತದೆ. ಆದರೆ ಅದೇ ಸರಾಸರಿಯನ್ನು ಇಡೀ ಫೋಟೊಗೆ ಹಾಕಿದರೆ ಅರಿಶಿನ ಬಣ್ಣದ ರೇಷ್ಮೆ ಸೀರೆ ಕೆಡುತ್ತದೆ: 220, 200, 40 ಇದ್ದದ್ದು 220, 130, 40 ಆಗಿ ಕಿತ್ತಳೆಗೆ ತಿರುಗುತ್ತದೆ. ಆದ್ದರಿಂದ ಸರಾಸರಿಯ ನಿಯಮವನ್ನು ಮುಖ, ಕೈಗಳಿಗೆ ಮಾತ್ರ ಮಾಸ್ಕ್ ಹಾಕಿ ಬಳಸುವುದೇ ಸರಿ. ಸೀರೆಯಲ್ಲಿ ಗಿಣಿ ಹಸಿರು ಅಂಚಿದ್ದರೆ ಎರಡೂ ನಿಯಮಗಳು ಅದನ್ನು ಕೊಲ್ಲುತ್ತವೆ. ಅಂಥ ಸೀರೆಗೆ ನೀಲಿ ಬಟ್ಟೆಯೇ ಬೇಕು.

ಹಸಿರು ಇಳಿದ ಜಾಗ ತುಸು ಮಂಕಾಗುವುದು ಸಹಜ. ಕೆನ್ನೆಯ ಅಂಚಿನಲ್ಲಿ ಕಪ್ಪು ಪಟ್ಟಿ ಕಂಡರೆ ಅಷ್ಟೇ ಭಾಗದ ಹೊಳಪನ್ನು ಸ್ವಲ್ಪ ಏರಿಸಿ. ಕೆಲಸ ಮುಗಿಯಿತೇ ಎಂದು ನೋಡಲು ಹಿಂದೆ ಒಮ್ಮೆ ಬಿಳಿ, ಒಮ್ಮೆ ಗಾಢ ಕೆಂಪು ಪದರ ಇಟ್ಟು ನೋಡಿ: ಉಳಿದ ಹಸಿರು ಕೆಂಪಿನ ಮೇಲೆ ತಕ್ಷಣ ಕಣ್ಣಿಗೆ ಬೀಳುತ್ತದೆ, ಕಪ್ಪು ಪಟ್ಟಿ ಬಿಳಿಯ ಮೇಲೆ. ಮುಂದಿನ ಸಲ ಫೋಟೊ ತೆಗೆಯುವಾಗ ವ್ಯಕ್ತಿಯನ್ನು ಬಟ್ಟೆಯಿಂದ ಎರಡು ಮೀಟರಿನಷ್ಟು ಮುಂದೆ ನಿಲ್ಲಿಸಿ, ನೆಲಕ್ಕೆ ಹಾಸಿದ ಬಟ್ಟೆ ಚೌಕಟ್ಟಿನಲ್ಲಿ ಬೇಡವಾದರೆ ಮಡಚಿಬಿಡಿ. ಗದ್ದದ ಕೆಳಗೆ ಬೀಳುವ ಹಸಿರು ಬರುವುದು ಅಲ್ಲಿಂದಲೇ.