ಬ್ರೌಸರ್ ಬೇಡ ಅಂದರೂ ಮುಂದೆ ಹೋಗಬಹುದಾ?

ಓದುಗರ ಪ್ರಶ್ನೆ: ದಿನಾ ನೋಡುವ ಒಂದು ವೆಬ್‌ಸೈಟ್ ತೆರೆದರೆ ಇದ್ದಕ್ಕಿದ್ದಂತೆ ‘Your connection is not private’ ಎಂಬ ದೊಡ್ಡ ಎಚ್ಚರಿಕೆ ಬರುತ್ತಿದೆ. ಕೆಳಗೆ ‘Advanced’ ಒತ್ತಿದರೆ ಮುಂದೆ ಹೋಗುವ ಲಿಂಕ್ ಕೂಡ ಇದೆ. ಗೊತ್ತಿರುವ ಸೈಟ್ ತಾನೆ, ಒತ್ತಿ ಹೋದರೆ ಏನು ತೊಂದರೆ?

ಉತ್ತರ: ಸೈಟ್ ನಿಮಗೆ ಗೊತ್ತಿರುವುದೇ ಇರಬಹುದು. ಆದರೆ ಈ ಕ್ಷಣ ಆ ಕಡೆಯಿಂದ ಉತ್ತರ ಕೊಡುತ್ತಿರುವುದು ಆ ಸೈಟೇನಾ? ಬ್ರೌಸರಿಗೆ ಖಾತ್ರಿಯಾಗದೆ ಇರುವುದು ಅದೇ. ಹಾಗಾಗಿ ಪಾಸ್‌ವರ್ಡ್, ಹಣ, ಸ್ವಂತ ಮಾಹಿತಿ ಇರುವ ಸೈಟ್ ಆದರೆ ನನ್ನ ಉತ್ತರ ಒಂದೇ: ಒತ್ತಬೇಡಿ. ಉಳಿದ ಕಡೆ ಒತ್ತುವ ಮೊದಲು ಎರಡು ನಿಮಿಷದ ಪರೀಕ್ಷೆ ಮಾಡಿ.

ಮೊದಲು ಒಳಗೆ ಏನು ನಡೆಯುತ್ತದೆ ನೋಡೋಣ. ನೀವು `https` ಸೈಟ್ ತೆರೆದಾಗ ಆ ಕಡೆಯ ಸರ್ವರ್ ಒಂದು ಸರ್ಟಿಫಿಕೇಟ್ ತೋರಿಸುತ್ತದೆ. ಅದನ್ನು ಗುರುತಿನ ಚೀಟಿ ಅಂದುಕೊಳ್ಳಿ. ಬ್ರೌಸರ್ ಅದರಲ್ಲಿ ಮುಖ್ಯವಾಗಿ ಮೂರು ವಿಷಯ ನೋಡುತ್ತದೆ. ಚೀಟಿಯಲ್ಲಿರುವ ಹೆಸರು ನೀವು ತೆರೆದ ವಿಳಾಸಕ್ಕೆ ಹೊಂದುತ್ತದಾ? ಇವತ್ತಿನ ದಿನಾಂಕ ಅದರ ಅವಧಿಯೊಳಗಿದೆಯಾ? ಅದನ್ನು ಕೊಟ್ಟವರು ನಂಬಬಹುದಾದ ಸಂಸ್ಥೆಯಾ? ನಂಬಬಹುದಾದ ಸಂಸ್ಥೆಗಳ ಪಟ್ಟಿ ಬ್ರೌಸರ್ ಅಥವಾ ಆಪರೇಟಿಂಗ್ ಸಿಸ್ಟಮ್ ಒಳಗೇ ಇರುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಬ್ರೌಸರ್ ಅಲ್ಲೇ ನಿಲ್ಲುತ್ತದೆ.

ಯಾವುದು ತಪ್ಪಿತು ಅನ್ನುವುದನ್ನೂ ಅದು ಹೇಳುತ್ತದೆ, ಆದರೆ ಸಣ್ಣ ಅಕ್ಷರದಲ್ಲಿ. ಕ್ರೋಮ್‌ನಲ್ಲಿ ಎಚ್ಚರಿಕೆಯ ಮಾತಿನ ಕೆಳಗೆ ಇಂಥದ್ದೊಂದು ಸಾಲು ಇರುತ್ತದೆ:

```
NET::ERR_CERT_DATE_INVALID
NET::ERR_CERT_COMMON_NAME_INVALID
NET::ERR_CERT_AUTHORITY_INVALID
```

`DATE` ಅಂತಿದ್ದರೆ ದಿನಾಂಕದ ತಕರಾರು, `COMMON_NAME` ಅಂತಿದ್ದರೆ ಹೆಸರಿನದು, `AUTHORITY` ಅಂತಿದ್ದರೆ ಚೀಟಿ ಕೊಟ್ಟವರದು. ಫೈರ್‌ಫಾಕ್ಸ್‌ನಲ್ಲಿ ಪದಗಳು ಬೇರೆ, ವಿಷಯ ಇದೇ. ಏನೇ ಮಾಡುವ ಮೊದಲು ಈ ಸಾಲು ಓದಿ. ಸಾಧ್ಯವಾದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಈಗ ಪರೀಕ್ಷೆ. ಮೊದಲು ನೆಟ್‌ವರ್ಕ್ ಬದಲಿಸಿ: ವೈಫೈನಲ್ಲಿದ್ದರೆ ಅದನ್ನು ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಅದೇ ಸೈಟ್ ತೆರೆಯಿರಿ. ಆಗ ಸರಿಯಾಗಿ ತೆರೆದರೆ ತೊಂದರೆ ಇರುವುದು ಆ ವೈಫೈನಲ್ಲಿ. ಆಗಲೂ ಎಚ್ಚರಿಕೆ ಬಂದರೆ ಸಾಧನ ಬದಲಿಸಿ, ಅಂದರೆ ಇನ್ನೊಂದು ಫೋನ್ ಅಥವಾ ಕಂಪ್ಯೂಟರಿನಲ್ಲಿ ನೋಡಿ. ಅಲ್ಲಿ ಸರಿಯಾಗಿದ್ದರೆ ತೊಂದರೆ ನಿಮ್ಮ ಸಾಧನದ್ದು. ಎಲ್ಲ ಕಡೆಯೂ ಅದೇ ಎಚ್ಚರಿಕೆ ಬಂದರೆ ಹೆಚ್ಚಾಗಿ ಸೈಟ್ ನಡೆಸುವವರದ್ದೇ ತಪ್ಪು.

ಒಂದು ಉದಾಹರಣೆ ಪೂರ್ತಿಯಾಗಿ ನೋಡೋಣ. ಜನ ಕಾಯುವ ಜಾಗವೊಂದರಲ್ಲಿ ಉಚಿತ ವೈಫೈ ಇದೆ. ಫೋನ್ ಕನೆಕ್ಟ್ ಆಯಿತು. ಇಮೇಲ್ ತೆರೆದರೆ ಎಚ್ಚರಿಕೆ, ಕೆಳಗೆ `NET::ERR_CERT_COMMON_NAME_INVALID`. ಅಡ್ರೆಸ್ ಬಾರ್‌ನ ಎಡಗಡೆ ‘Not secure’ ಅಂತ ಇರುತ್ತದೆ. ಅದನ್ನು ಒತ್ತಿ ಸರ್ಟಿಫಿಕೇಟ್ ವಿವರಕ್ಕೆ ಹೋದರೆ ಯಾರಿಗೆ ಕೊಟ್ಟದ್ದು, ಯಾರು ಕೊಟ್ಟದ್ದು, ಯಾವ ದಿನಾಂಕದವರೆಗೆ ಎಂಬುದೆಲ್ಲ ಕಾಣುತ್ತದೆ. ಅಲ್ಲಿ ಇಮೇಲ್ ಕಂಪನಿಯ ಹೆಸರೇ ಇಲ್ಲ, ವೈಫೈ ನಡೆಸುವವರ ಲಾಗಿನ್ ಪುಟದ ಹೆಸರಿದೆ. ಅಂದರೆ ನೀವು ಇಮೇಲ್ ಕೇಳಿದಿರಿ, ವೈಫೈ ಮಧ್ಯೆ ಬಂದು ‘ಮೊದಲು ನನ್ನಲ್ಲಿ ಲಾಗಿನ್ ಆಗಿ’ ಎನ್ನುತ್ತಿದೆ. ಇದು ದಿನಾ ನಡೆಯುವ ವಿಷಯ, ಇದರಲ್ಲಿ ಮೋಸ ಇರಲೇಬೇಕು ಅಂತಿಲ್ಲ. ಆದರೂ ಎಚ್ಚರಿಕೆ ದಾಟಿ ಹೋಗುವ ಅಗತ್ಯವಿಲ್ಲ. `http://neverssl.com` ಎಂದು ಟೈಪ್ ಮಾಡಿ. ಅದು ಎನ್‌ಕ್ರಿಪ್ಟ್ ಆಗದ ಸಾದಾ ಪುಟ, ಇಂಥ ಸಂದರ್ಭಕ್ಕೆಂದೇ ಇಟ್ಟದ್ದು. ಅದನ್ನು ಕೇಳಿದಾಗ ವೈಫೈ ತನ್ನ ಲಾಗಿನ್ ಪುಟ ತೋರಿಸುತ್ತದೆ. ಅದನ್ನು ಮುಗಿಸಿ ಇಮೇಲ್ ಮತ್ತೆ ತೆರೆಯಿರಿ.

ಲಾಗಿನ್ ಮುಗಿದ ಮೇಲೂ ಎಚ್ಚರಿಕೆ ಬಂತು, ಈ ಸಲ `AUTHORITY_INVALID` ಅಂತಿದೆ ಎಂದುಕೊಳ್ಳಿ. ಸರ್ಟಿಫಿಕೇಟಿನಲ್ಲಿ ಇಮೇಲ್ ಸೈಟಿನ ಹೆಸರೇ ಇದೆ, ಆದರೆ ಕೊಟ್ಟವರ ಜಾಗದಲ್ಲಿ ಯಾವುದೋ ಗೊತ್ತಿಲ್ಲದ ಹೆಸರು. ಮೊಬೈಲ್ ಡೇಟಾದಲ್ಲಿ ಅದೇ ಸೈಟ್ ಸಲೀಸಾಗಿ ತೆರೆಯುತ್ತದೆ. ಈಗ ವಿಷಯ ಗಂಭೀರ. ಮಧ್ಯೆ ಯಾರೋ ಕೂತು ಇಮೇಲ್ ಸೈಟಿನ ಹೆಸರಲ್ಲಿ ಸ್ವಂತ ಚೀಟಿ ಬರೆದು ತೋರಿಸುತ್ತಿದ್ದಾರೆ. ನೀವು ಮುಂದುವರಿದರೆ ನಿಮ್ಮ ಮಾತು ಅವರ ತನಕ ಎನ್‌ಕ್ರಿಪ್ಟ್ ಆಗಿ ಹೋಗುತ್ತದೆ, ಅಲ್ಲಿ ಬಿಚ್ಚಿಕೊಳ್ಳುತ್ತದೆ. ಆ ವೈಫೈ ಬಿಟ್ಟುಬಿಡಿ, ಬೇರೆ ಯೋಚನೆಯೇ ಬೇಡ.

ಇದು ಕಲ್ಪನೆಯ ಭಯ ಅಲ್ಲ. 2011ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಿಜಿನೋಟಾರ್ ಎಂಬ ಸರ್ಟಿಫಿಕೇಟ್ ಸಂಸ್ಥೆಗೆ ಕನ್ನ ಬಿತ್ತು. ಗೂಗಲ್ ಹೆಸರಲ್ಲಿ ನಕಲಿ ಸರ್ಟಿಫಿಕೇಟ್ ಹುಟ್ಟಿತು, ಇರಾನಿನ ಜನರ ಜಿಮೇಲ್ ಮೇಲೆ ಕಣ್ಣಿಡಲು ಅದು ಬಳಕೆಯಾಯಿತು. ಸಂಸ್ಥೆ ಆಗ ನಂಬಿಕೆಯ ಪಟ್ಟಿಯಲ್ಲೇ ಇದ್ದದ್ದರಿಂದ ಬೇರೆ ಬ್ರೌಸರ್‌ಗಳಿಗೆ ಅನುಮಾನ ಬರಲಿಲ್ಲ. ಗೂಗಲ್ ಸೈಟ್‌ಗಳಿಗೆ ಯಾರ ಸರ್ಟಿಫಿಕೇಟ್ ಬರಬೇಕು ಎಂದು ಕ್ರೋಮ್ ಮೊದಲೇ ಗುರುತಿಟ್ಟುಕೊಂಡಿತ್ತು, ಹಾಗಾಗಿ ಅದು ಎಚ್ಚರಿಕೆ ತೋರಿಸಿತು. ಅಲ್ಲಿನ ಬಳಕೆದಾರರೊಬ್ಬರು ಆ ಎಚ್ಚರಿಕೆಯನ್ನು ದಾಟಿ ಹೋಗದೆ, ಇದೇನು ಅಂತ ಕೇಳಿದರು. ವಿಷಯ ಹೊರಬಂದದ್ದು ಹಾಗೆ. ಅದೇ ವರ್ಷ ಡಿಜಿನೋಟಾರ್ ದಿವಾಳಿಯಾಯಿತು.

‘ನಾನು ಏನೂ ಟೈಪ್ ಮಾಡಲ್ಲ, ಸುಮ್ನೆ ನೋಡಿ ಬರ್ತೀನಿ’ ಅಂತ ತುಂಬಾ ಜನ ಹೇಳುತ್ತಾರೆ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಲೇಬೇಕು. ನೀವು ಆ ಸೈಟಿನಲ್ಲಿ ಮೊದಲೇ ಲಾಗಿನ್ ಆಗಿದ್ದರೆ ಬ್ರೌಸರಿನಲ್ಲಿ ಅದರ ಕುಕೀ ಇರುತ್ತದೆ. ಪ್ರತಿ ಸಲ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುವುದು ಅದರಿಂದಲೇ. ಎಚ್ಚರಿಕೆ ದಾಟಿದ ಕೂಡಲೇ ಬ್ರೌಸರ್ ಆ ಕುಕೀಯನ್ನು ತಾನಾಗಿಯೇ ಆ ಕಡೆಗೆ ಕಳಿಸುತ್ತದೆ. ಆ ಕಡೆ ಇರುವುದು ಕಳ್ಳನಾದರೆ ಅವನಿಗೆ ಪಾಸ್‌ವರ್ಡ್ ಬೇಕಾಗಿಯೇ ಇಲ್ಲ. ಕುಕೀ ಇಟ್ಟುಕೊಂಡು ನಿಮ್ಮ ಖಾತೆಯೊಳಗೆ ಹೋಗಬಹುದು. ನೀವು ಒಂದಕ್ಷರವೂ ಒತ್ತಿರುವುದಿಲ್ಲ! ಇನ್ನೂ ಒಂದಿದೆ: ಒಂದು ಸಲ ದಾಟಿದರೆ ಕ್ರೋಮ್ ಅದನ್ನು ಕೆಲವು ದಿನ ನೆನಪಿಟ್ಟುಕೊಳ್ಳುತ್ತದೆ. ಅಲ್ಲಿಯವರೆಗೆ ಅದೇ ಸರ್ಟಿಫಿಕೇಟ್ ಬಂದರೆ ಮತ್ತೆ ಕೇಳುವುದಿಲ್ಲ.

ಹಾಗಾದರೆ ತೊಂದರೆ ನಿಮ್ಮ ಸಾಧನದ್ದೇ ಆದರೆ? ಮೊದಲು ಗಡಿಯಾರ ನೋಡಿ. ಬ್ಯಾಟರಿ ಪೂರ್ತಿ ಖಾಲಿಯಾಗಿ ಎದ್ದ ಹಳೇ ಲ್ಯಾಪ್‌ಟಾಪ್ ಕೆಲವೊಮ್ಮೆ ಎಷ್ಟೋ ವರ್ಷ ಹಿಂದಿನ ದಿನಾಂಕ ತೋರಿಸುತ್ತದೆ. ಆ ದಿನಾಂಕಕ್ಕೆ ಈಗಿನ ಸರ್ಟಿಫಿಕೇಟುಗಳು ಇನ್ನೂ ಹುಟ್ಟೇ ಇಲ್ಲ, ಹಾಗಾಗಿ `https` ಸೈಟ್‌ಗಳು ಒಟ್ಟಿಗೇ ಕೈಕೊಡುತ್ತವೆ. ಎಷ್ಟೋ ಸಲ ಕ್ರೋಮ್ ನೇರವಾಗಿ ‘Your clock is behind’ ಅಂತಲೇ ಹೇಳುತ್ತದೆ. ದಿನಾಂಕ ಮತ್ತು ಸಮಯವನ್ನು ಆಟೋಮ್ಯಾಟಿಕ್‌ಗೆ ಹಾಕಿ, ಬ್ರೌಸರ್ ಮುಚ್ಚಿ ತೆರೆಯಿರಿ.

ಗಡಿಯಾರ ಸರಿಯಾಗಿದ್ದು ಹಳೇ ಸಾಧನದಲ್ಲಿ ಮಾತ್ರ ಹಲವು ಸೈಟ್‌ಗಳು ತೆರೆಯದಿದ್ದರೆ ಅದರ ನಂಬಿಕೆಯ ಪಟ್ಟಿಯೇ ಹಳತಾಗಿರಬಹುದು. 2021ರ ಸೆಪ್ಟೆಂಬರ್ 30ರಂದು ಹೀಗೇ ಆಯಿತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಉಚಿತವಾಗಿ ಕೊಡುವ ಸರ್ಟಿಫಿಕೇಟುಗಳಿಗೆ ಆಧಾರವಾಗಿದ್ದ ಒಂದು ಹಳೇ ರೂಟ್ ಸರ್ಟಿಫಿಕೇಟಿನ, ಅಂದರೆ ನಂಬಿಕೆಯ ಪಟ್ಟಿಯಲ್ಲಿರುವ ಮೂಲ ಚೀಟಿಯ ಅವಧಿ ಆ ದಿನ ಮುಗಿಯಿತು. ಅಪ್‌ಡೇಟ್ ಆಗದೆ ಉಳಿದಿದ್ದ ಎಷ್ಟೋ ಕಂಪ್ಯೂಟರ್, ಫೋನ್‌ಗಳಲ್ಲಿ ಎಚ್ಚರಿಕೆಗಳು ಶುರುವಾದವು. ಇದಕ್ಕೆ ಔಷಧಿ ಅಪ್‌ಡೇಟ್ ಮಾತ್ರ. ದಿನಾ ಎಚ್ಚರಿಕೆ ದಾಟುವ ಅಭ್ಯಾಸ ಮಾಡಿಕೊಂಡರೆ ನಿಜವಾದ ಅಪಾಯ ಬಂದ ದಿನವೂ ಕೈ ತಾನಾಗಿಯೇ ಅಲ್ಲಿಗೇ ಹೋಗುತ್ತದೆ.

ಎಲ್ಲ ಕಡೆಯೂ `DATE_INVALID` ಬಂದು, ಸರ್ಟಿಫಿಕೇಟಿನ ಅವಧಿ ನಿನ್ನೆಯೋ ಮೊನ್ನೆಯೋ ಮುಗಿದಿದ್ದರೆ ಸೈಟಿನವರು ನವೀಕರಿಸಲು ಮರೆತಿದ್ದಾರೆ ಅಂತಲೇ ಅರ್ಥ ಇರಬಹುದು. ಹೆಸರು, ಕೊಟ್ಟವರು ಎರಡೂ ಸರಿಯಾಗಿದ್ದು, ಓದುವುದಷ್ಟೇ ಕೆಲಸವಾದರೆ ಖಾಸಗಿ ವಿಂಡೋ ತೆರೆದು ನೋಡಿ ಬರಬಹುದು. ಆ ವಿಂಡೋಗೆ ನಿಮ್ಮ ಹಳೇ ಕುಕೀಗಳು ಬರುವುದಿಲ್ಲ. ಲಾಗಿನ್ ಬೇಡ, ಫೈಲ್ ಡೌನ್‌ಲೋಡ್ ಅಂತೂ ಬೇಡವೇ ಬೇಡ. ಅವಸರ ಇಲ್ಲದಿದ್ದರೆ ಒಂದು ದಿನ ಕಾಯುವುದು ಇನ್ನೂ ಒಳ್ಳೆಯದು. ಎಲ್ಲ ಕಡೆಯೂ ಹೆಸರಿನ ತಕರಾರು ಬಂದರೆ ಮೊದಲು ವಿಳಾಸದ ಸ್ಪೆಲ್ಲಿಂಗ್ ನೋಡಿ. ಆಮೇಲೆ `www` ಸೇರಿಸಿ ಅಥವಾ ತೆಗೆದು ನೋಡಿ. ಎಷ್ಟೋ ಸೈಟಿನವರು ಎರಡರಲ್ಲಿ ಒಂದಕ್ಕೆ ಮಾತ್ರ ಸರ್ಟಿಫಿಕೇಟ್ ತೆಗೆದಿರುತ್ತಾರೆ.

ಧೈರ್ಯವಾಗಿ ದಾಟಬಹುದಾದ ಜಾಗ ನನಗೆ ತೋಚುವುದು ಒಂದೇ: ನಿಮ್ಮದೇ ಸಾಧನ. ಮನೆಯ ರೂಟರ್ ಸೆಟ್ಟಿಂಗ್‌ಗೆ `192.168.1.1` ತರಹದ ವಿಳಾಸ ಹಾಕಿದಾಗ ಎಚ್ಚರಿಕೆ ಬರುವುದು ಸಹಜ. ಇಂಥ ಮನೆಯೊಳಗಿನ ವಿಳಾಸಕ್ಕೆ ಹೊರಗಿನ ಸಂಸ್ಥೆಗಳು ಸರ್ಟಿಫಿಕೇಟ್ ಕೊಡುವುದಿಲ್ಲ, ರೂಟರ್ ತನ್ನ ಚೀಟಿಯನ್ನು ತಾನೇ ಬರೆದುಕೊಂಡಿರುತ್ತದೆ. ನೀವಿರುವುದು ನಿಮ್ಮ ಮನೆಯ ನೆಟ್‌ವರ್ಕಿನಲ್ಲೇ, ವಿಳಾಸ ನಿಮ್ಮ ರೂಟರಿನದ್ದೇ ಎಂದು ಗೊತ್ತಿದ್ದರೆ ಸರಿ. ಆಫೀಸಿನ ಕಂಪ್ಯೂಟರಿನಲ್ಲಿ ಬಂದರೆ ಮಾತ್ರ ನೀವೇ ನಿರ್ಧಾರ ಮಾಡಬೇಡಿ, ಅಲ್ಲಿನ ಐಟಿಯವರಿಗೆ ಸ್ಕ್ರೀನ್‌ಶಾಟ್ ಕಳಿಸಿ.

ಕೆಲವು ಸೈಟ್‌ಗಳಲ್ಲಿ ‘Advanced’ ಒತ್ತಿದರೂ ಮುಂದೆ ಹೋಗುವ ಲಿಂಕೇ ಇರುವುದಿಲ್ಲ, ಎಚ್‌ಎಸ್‌ಟಿಎಸ್ ಬಗ್ಗೆ ಒಂದು ಸಾಲು ಇರುತ್ತದೆ. ‘ನನ್ನ ವಿಷಯದಲ್ಲಿ ಯಾರಿಗೂ ವಿನಾಯಿತಿ ಕೊಡಬೇಡ’ ಎಂದು ಸೈಟೇ ಬ್ರೌಸರಿಗೆ ಹೇಳಿಟ್ಟಿದೆ ಅಂತ ಅರ್ಥ. ಇದನ್ನು ಹಾದುಹೋಗುವ ಉಪಾಯಗಳು ಇಂಟರ್ನೆಟ್‌ನಲ್ಲಿ ಸಿಗುತ್ತವೆ, ಅವುಗಳ ತಂಟೆಗೆ ಹೋಗಬೇಡಿ.

ಈಗಾಗಲೇ ದಾಟಿ ಹೋಗಿ ಪಾಸ್‌ವರ್ಡ್ ಹಾಕಿದ್ದೀರಾ? ಆ ನೆಟ್‌ವರ್ಕಿನಿಂದ ಹೊರಗೆ ಬನ್ನಿ. ಮೊಬೈಲ್ ಡೇಟಾದಲ್ಲಿ ಸೈಟ್ ಎಚ್ಚರಿಕೆಯಿಲ್ಲದೆ ತೆರೆಯುತ್ತದಾ ನೋಡಿ, ತೆರೆದರೆ ಪಾಸ್‌ವರ್ಡ್ ಬದಲಿಸಿ. ಆಮೇಲೆ ಖಾತೆಯ ಸೆಟ್ಟಿಂಗ್‌ನಲ್ಲಿ ಎಲ್ಲ ಸಾಧನಗಳಿಂದಲೂ ಲಾಗೌಟ್ ಮಾಡುವ ಆಯ್ಕೆ ಹುಡುಕಿ ಒತ್ತಿ. ಕೆಲವು ಸೈಟ್‌ಗಳಲ್ಲಿ ಪಾಸ್‌ವರ್ಡ್ ಬದಲಿಸಿದರೂ ಹಳೇ ಕುಕೀ ಕೆಲಸ ಮಾಡುತ್ತಲೇ ಇರುತ್ತದೆ, ಆದ್ದರಿಂದ ಎರಡೂ ಆಗಬೇಕು. ಅದೇ ಪಾಸ್‌ವರ್ಡ್ ಬೇರೆ ಕಡೆ ಇಟ್ಟಿದ್ದರೆ ಅಲ್ಲೂ ಬದಲಿಸಿ.