ಟ್ಯೂಷನ್ ರೆಕಾರ್ಡಿಂಗ್‌ನಿಂದ ಪೋಷಕರಿಗೆ ಬರೆಯುವ ಟಿಪ್ಪಣಿ

ಮನೆಪಾಠವನ್ನು ಪೋಷಕರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡುವ ಶಿಕ್ಷಕರು ಈಗ ಹಲವರಿದ್ದಾರೆ. ಒಂದು ಗಂಟೆಯ ಧ್ವನಿಯನ್ನು ಯಾವ ತಾಯಿತಂದೆಯೂ ಕೂತು ಕೇಳುವುದಿಲ್ಲ. ಅವರಿಗೆ ಬೇಕಿರುವುದು ಅರ್ಧ ಪುಟ: ಏನು ಕಲಿಸಿದಿರಿ, ಮಗು ಎಲ್ಲಿ ತಪ್ಪುತ್ತಿದೆ, ಮನೆಯಲ್ಲಿ ಏನು ಮಾಡಿಸಬೇಕು.

ಆರನೇ ತರಗತಿಯ ಭಿನ್ನರಾಶಿ ಸಂಕಲನದ ಪಾಠವನ್ನೇ ನೋಡೋಣ. ರೆಕಾರ್ಡಿಂಗ್‌ನಲ್ಲಿ ನನ್ನ ವಿವರಣೆಯ ಭಾಗವನ್ನು ಬೇಗ ಓಡಿಸಿ, ಮಗು ಮಾತಾಡುವ ಕಡೆ ನಿಲ್ಲುತ್ತೇನೆ. ನಾನು ವಿವರಿಸಿದ್ದೆಲ್ಲ ‘ಕಲಿತ ವಿಷಯ’ ಆಗುವುದಿಲ್ಲ. ಮಗು ನನ್ನ ನೆರವಿಲ್ಲದೆ ಒಂದು ಲೆಕ್ಕವನ್ನಾದರೂ ಮುಗಿಸಿದ್ದರೆ ಮಾತ್ರ ಹಾಗೆ ಬರೆಯುತ್ತೇನೆ. ಉಳಿದದ್ದು ‘ಪರಿಚಯಿಸಿದೆ, ಮುಂದುವರಿಯಲಿದೆ’. ಧ್ವನಿಯಲ್ಲಿ ನೋಟ್‌ಬುಕ್ ಕಾಣುವುದಿಲ್ಲವಾದ್ದರಿಂದ ಆ ದಿನದ ಪುಟಗಳ ಫೋಟೊ ಜೊತೆಗಿರಲೇಬೇಕು.

ತಪ್ಪುಗಳ ಭಾಗಕ್ಕೆ ಹೆಚ್ಚು ಸಮಯ ಕೊಡಬೇಕು. ‘ಭಿನ್ನರಾಶಿಯಲ್ಲಿ ವೀಕ್’ ಎಂದು ಬರೆದರೆ ಮಗುವಿಗೆ ಬೈಗುಳ ಸಿಗುತ್ತದೆ, ಲೆಕ್ಕ ಸರಿಹೋಗುವುದಿಲ್ಲ. ಹುಡುಗಿಯೊಬ್ಬಳು 1/2 + 1/3 = 2/5 ಎಂದು ಬರೆದಿದ್ದಾಳೆ. ಹೇಗೆ ಎಂದು ಕೇಳಿದಾಗ, ‘ಮೇಲಿಂದು ಮೇಲಿಂದಕ್ಕೆ ಕೂಡಿಸ್ದೆ ಮಿಸ್, ಕೆಳಗಿಂದು ಕೆಳಗಿಂದಕ್ಕೆ’ ಅನ್ನುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಆ ಮಾತನ್ನು ಹಾಗೇ ಬರೆದುಕೊಳ್ಳುತ್ತೇನೆ. ಲ.ಸಾ.ಅ. ಹೇಳಿಕೊಟ್ಟ ಮೇಲೆ 3/4 + 1/6 ಅನ್ನು ಅವಳು 3/12 + 1/12 = 4/12 ಮಾಡಿದಳು. ಛೇದ ಬದಲಾಯಿತು, ಅಂಶ ಹಾಗೇ ಉಳಿಯಿತು. ಸರಿಯಾದದ್ದು 9/12 + 2/12 = 11/12. ಎರಡಕ್ಕೂ ಬೀಳುವುದು ಅದೇ ಕೆಂಪು ಗುರುತು, ಆದರೆ ಎರಡನೆಯ ತಪ್ಪಿನ ಹೊತ್ತಿಗೆ ಅವಳು ಅರ್ಧ ದಾರಿ ಬಂದಿದ್ದಾಳೆ. ಪೋಷಕರಿಗೆ ಇದು ಗೊತ್ತಾಗಬೇಕು. ನಡುವೆ ‘ಏಳೆಂಟ್ಲ ಐವತ್ನಾಲ್ಕು, ಅಲ್ಲಲ್ಲ, ಐವತ್ತಾರು’ ಎಂದದ್ದನ್ನು ಬರೆಯುವುದಿಲ್ಲ. ತಾನೇ ತಿದ್ದಿಕೊಂಡದ್ದು ಕೈತಪ್ಪು.

ಮನೆಕೆಲಸ ಈ ತಪ್ಪುಗಳಿಂದಲೇ ಹುಟ್ಟಬೇಕು. ಇವಳಿಗೆ ಮೂರೇ ಲೆಕ್ಕ: 1/4 + 2/3, 2/5 + 1/10, 1/2 + 2/5. ಪೋಷಕರು ಪಾಠ ಮಾಡಬೇಕಿಲ್ಲ, ಉತ್ತರ ಬಂದ ಮೇಲೆ ಒಂದು ಪ್ರಶ್ನೆ ಕೇಳಿದರೆ ಸಾಕು: ‘ಕೂಡಿಸಿದ ಮೇಲೆ, ಎರಡರಲ್ಲಿ ದೊಡ್ಡದಕ್ಕಿಂತ ಕಡಿಮೆ ಆಯ್ತಾ?’ 2/5 ಅರ್ಧಕ್ಕಿಂತ ಕಡಿಮೆ, 4/12 ಮುಕ್ಕಾಲಿಗಿಂತ ಕಡಿಮೆ. ತಪ್ಪು ಮಗುವಿನ ಕಣ್ಣಿಗೇ ಬೀಳುತ್ತದೆ.

ಲೆಕ್ಕಗಳನ್ನು ಆರಿಸುವಾಗ ಎಚ್ಚರ ಬೇಕು. 1/2 + 3/4 ಕೊಟ್ಟರೆ, ಅಂಶ ಬದಲಿಸದ ಮಗುವಿಗೆ 1/4 + 3/4 ಸೇರಿ 1 ಬರುತ್ತದೆ. ಅದು ಮುಕ್ಕಾಲಿಗಿಂತ ಹೆಚ್ಚೇ ಆದ್ದರಿಂದ ತಪ್ಪು ಆ ಪ್ರಶ್ನೆಯಿಂದ ನುಣುಚಿಕೊಳ್ಳುತ್ತದೆ. ಹಾಗಾಗಿ ಕಳಿಸುವ ಮುನ್ನ ಪ್ರತಿ ಲೆಕ್ಕವನ್ನೂ ಮಗುವಿನ ತಪ್ಪು ದಾರಿಯಲ್ಲೇ ಒಮ್ಮೆ ಮಾಡಿ ನೋಡುತ್ತೇನೆ.